ಬೀದಿ ನಾಟಕದ ಸಾವಿನ ದೃಶ್ಯ: ತಿದ್ದಿದವರು ಅನುಭವ ಹೇಳಿ

ಶಿಡ್ಲಘಟ್ಟದಿಂದ: "ಮಾನಸಿಕ ಆರೋಗ್ಯದ ಬಗ್ಗೆ ನಮ್ಮ ಕಾಲೇಜಿನ ಬೀದಿ ನಾಟಕ ಇದೆ. ಸಾಲದಲ್ಲಿರುವ ರೇಷ್ಮೆ ರೈತ ಕೊನೆಗೆ ಜೀವ ಕಳೆದುಕೊಳ್ಳುತ್ತಾನೆ. ಸ್ಕ್ರಿಪ್ಟ್ ತಿದ್ದಿ ಅಂತ ಆಸ್ಪತ್ರೆಯವರು ಹೇಳಿದ್ದಾರೆ. ಹೇಗೆ ತಿದ್ದೋದು?"

ಮುಳಬಾಗಿಲು ನಾಟಕ ತಂಡ: ನಮ್ಮದು ಟೊಮೆಟೊ ರೈತನ ಕಥೆ. ಹಳೇ ಸ್ಕ್ರಿಪ್ಟಲ್ಲಿ ಮಂಡಿಯಲ್ಲಿ ರೇಟ್ ಬೀಳುತ್ತದೆ, ಸಾಲ ಕೊಟ್ಟವನು ಬೈಯುತ್ತಾನೆ, ಮುಂದಿನ ದೃಶ್ಯದಲ್ಲೇ ಹೆಣ. ಸಾಲ ಆದವನಿಗೆ ಇರೋದು ಅದೊಂದೇ ದಾರಿ ಅನ್ನೋ ಹಾಗೆ ಕಾಣುತ್ತಿತ್ತು. ಅದನ್ನು ಬಿಚ್ಚಿ ಕಟ್ಟೋದರಲ್ಲೇ ನಮ್ಮ ರಿಹರ್ಸಲ್ ಪೂರ್ತಿ ಹೋಯ್ತು.

ಈಗ ಅವನಿಗೆ ನಿದ್ದೆ ಬರೋದಿಲ್ಲ, ಊಟ ಸೇರೋದಿಲ್ಲ, ಕುಡಿತ ಜಾಸ್ತಿ ಆಗುತ್ತದೆ. "ನಾನಿಲ್ದಿದ್ರೆ ನಿಮಗೇ ನೆಮ್ಮದಿ" ಅಂತ ಹೆಂಡತಿಗೆ ಹೇಳುತ್ತಾನೆ. ಪಕ್ಕದ ತೋಟದವನು ಬಂದು ಕೂರುತ್ತಾನೆ. ಬುದ್ಧಿ ಹೇಳೋದಿಲ್ಲ. "ಸಾಯಬೇಕು ಅನ್ನಿಸ್ತಿದೆಯಾ ಅಣ್ಣ?" ಅಂತ ನೇರವಾಗಿ ಕೇಳುತ್ತಾನೆ. ಉತ್ತರ ಬರೋವರೆಗೂ ಸುಮ್ನೆ ಇರುತ್ತಾನೆ. ಆ ರಾತ್ರಿ ಅವನನ್ನು ಒಬ್ಬನೇ ಬಿಡೋದಿಲ್ಲ. ಅಲ್ಲೇ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸುತ್ತಾನೆ. ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗುತ್ತಾರೆ.

"ಸಾಲಕ್ಕೆ ಬಲಿಯಾದ ರೈತ" ಅಂತ ಹಳೇ ಫ್ಲೆಕ್ಸ್ ಇತ್ತು, 1,400 ರೂಪಾಯಿ. ಎಸೆದೆವು. ಹೊಸದಕ್ಕೆ 1,650, ಕರಪತ್ರಕ್ಕೆ 900, ತಮಟೆಯವರಿಗೆ ಎರಡನೇ ಸಲ 1,200. ನಾಟಕ ಆಡಿಸಿದ ಸಂಸ್ಥೆ ಒಂದು ಪೈಸೆ ಜಾಸ್ತಿ ಕೊಡಲಿಲ್ಲ.

ತುಮಕೂರಿನ ಮೇಷ್ಟ್ರು: ನನ್ನ ನಾಟಕದ ಕೊನೇ ದೃಶ್ಯವನ್ನೂ ಹೀಗೇ ಕತ್ತರಿಸಿದರು. ಹೆಂಗಸರು ಅಳುತ್ತಿದ್ದ ದೃಶ್ಯ ಅದು. ಅದು ಹೋದ ಮೇಲೆ ಜನ ಅರ್ಧಕ್ಕೇ ಎದ್ದು ಹೋದರು. ಮನೆಯವರನ್ನು ಕಳೆದುಕೊಂಡ ಎಷ್ಟೋ ಕುಟುಂಬ ನಮ್ಮ ಹಳ್ಳಿಗಳಲ್ಲಿವೆ. ಅವರ ದುಃಖಕ್ಕೆ ನಾಟಕದಲ್ಲಿ ಜಾಗವೇ ಇಲ್ವಾ? ಇನ್ನು ಆ ನೇರ ಪ್ರಶ್ನೆ ಅಪಾಯ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ.

ಚಿಕ್ಕಬಳ್ಳಾಪುರದ ನರ್ಸ್: ಸಾರ್, ಕೇಳಿದರೆ ಯೋಚನೆ ಹುಟ್ಟೋದಿಲ್ಲ. ಕಷ್ಟದಲ್ಲಿರೋರಿಗೆ ಕೇಳಿದಾಗಲೇ ಬಾಯಿ ಬಿಡೋಕೆ ಆಗೋದು. ಅಪಾಯ ಇರೋದು ಹೇಗೆ, ಎಲ್ಲಿ, ಯಾವುದರಿಂದ ಅಂತ ತೋರಿಸೋದರಲ್ಲಿ. ಅದೇ ಸ್ಥಿತಿಯಲ್ಲಿರೋರು ಪ್ರೇಕ್ಷಕರಲ್ಲೂ ಕೂತಿರುತ್ತಾರೆ. ಅದಕ್ಕೇ ಆ ದೃಶ್ಯದಲ್ಲಿ ನಟನ ಕೈಯಲ್ಲಿ ಯಾವ ವಸ್ತುವೂ ಬೇಡ, ಬರೆದಿಟ್ಟ ಪತ್ರವೂ ಬೇಡ. ಸ್ಕ್ರಿಪ್ಟಿಂದ ತೆಗೆದರೆ ಸಾಲದು. ಚಪ್ಪಾಳೆ ಬೀಳುತ್ತೆ ಅಂತ ಆಡುವಾಗ ಹುಡುಗರು ಮತ್ತೆ ತರುತ್ತಾರೆ. ಆಟಕ್ಕೆ ಮುಂಚೆ ಸಾಮಾನಿನ ಚೀಲ ನೋಡಿ.

ದುಃಖ ತೋರಿಸಿ, ಬೇಡ ಅನ್ನಲ್ಲ. ಸತ್ತ ಮೇಲೆ ಊರೆಲ್ಲ ಹೊಗಳೋದು, ಸಾಲ ಮನ್ನಾ ಆಗೋದು ಮಾತ್ರ ಬೇಡ. ಸತ್ತರೆ ಮನೆಯವರಿಗೆ ಒಳ್ಳೇದಾಗುತ್ತೆ ಅಂತ ಆಗಲೇ ಅಂದುಕೊಂಡವನಿಗೆ ಅದು ಒಪ್ಪಿಗೆ ಕೊಟ್ಟ ಹಾಗೆ.

ಮುಳಬಾಗಿಲಿನವರು ಆಸ್ಪತ್ರೆಯಲ್ಲಿ ನಿಲ್ಲಿಸಿದ್ದಾರೆ. ನಾನಾದರೆ ಇನ್ನೊಂದು ದೃಶ್ಯ ಸೇರಿಸುತ್ತೇನೆ. ಖಿನ್ನತೆಯ ಮಾತ್ರೆ ಹಿಡಿಯೋಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಬಾಯಿ ಒಣಗುತ್ತೆ, ಹೊಟ್ಟೆ ತೊಳಸುತ್ತೆ, ಜನ ಅಲ್ಲೇ ಬಿಡುತ್ತಾರೆ. ಹೆಂಡತಿ "ಏನೂ ಗುಣ ಇಲ್ಲ" ಅನ್ನಲಿ, ಅವನು ಬಿಡೋಕೆ ಹೋಗಲಿ, ಮತ್ತೆ ಡಾಕ್ಟರ ಹತ್ತಿರ ಬರಲಿ. ಸಾಲ ಹಾಗೇ ಇರಲಿ. ಎರಡನೇ ದೃಶ್ಯದಲ್ಲೇ ನಗೋ ರೈತನನ್ನು ಯಾರೂ ನಂಬೋದಿಲ್ಲ.

ಮಾಲೂರಿನ ಅಕ್ಕ: ನನ್ನ ತಮ್ಮನಿಗೆ ಕಿವಿಯಲ್ಲಿ ಮಾತು ಕೇಳೋ ಕಾಯಿಲೆ. ಮಾತ್ರೆ ತಗೊಂಡು ಈಗ ಹಾಲಿನ ಡೇರಿಯಲ್ಲಿ ಲೆಕ್ಕ ಬರೀತಾನೆ. ನಮ್ಮೂರಿಗೆ ಬಂದ ಜಾಗೃತಿ ನಾಟಕದಲ್ಲಿ ಹರಿದ ಅಂಗಿಯ ಹುಚ್ಚನ ಪಾತ್ರ ಇತ್ತು, ನಗಿಸೋಕೆ. ಮಕ್ಕಳು ಇವನ ಕಡೆ ತಿರುಗಿ ನಕ್ಕರು. ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ಸಂಬಳದಲ್ಲಿ 2,100 ಕಡಿತ. ಆ ದುಡ್ಡು ಯಾರು ಕೊಡ್ತಾರೆ?

ತುಮಕೂರಿನ ಮೇಷ್ಟ್ರು: ಅಮ್ಮಾ, ಪ್ರಶ್ನೆ ಕೇಳಿದ್ದು ಸಾವಿನ ದೃಶ್ಯದ ಬಗ್ಗೆ.

ಮಾಲೂರಿನ ಅಕ್ಕ: ನಿಮಗೆ ಅಳಿಸೋದು ಬೇಕು, ಅವರಿಗೆ ನಗಿಸೋದು ಬೇಕು. ನಡುವೆ ಕೂತಿರೋನು ನನ್ನ ತಮ್ಮ.

ಮುಳಬಾಗಿಲು ನಾಟಕ ತಂಡ: ಅಕ್ಕ ಹೇಳಿದ್ದು ಸರಿ. ನಾವು ಮಂತ್ರವಾದಿಯ ಹಾಸ್ಯವನ್ನೂ ತೆಗೆದೆವು. ಪೂಜೆ ಮಾಡಿಸಿದವರೇ ಎದುರಿಗೆ ಕೂತಿರುತ್ತಾರೆ, ಅವರನ್ನೇ ನಗೆಪಾಟಲು ಮಾಡಿದರೆ ನಾಳೆ ಆಸ್ಪತ್ರೆಗೆ ಬರ್ತಾರಾ?

ತುಮಕೂರಿನ ಮೇಷ್ಟ್ರು: ಮೂಢನಂಬಿಕೆಯನ್ನೂ ಟೀಕಿಸಬಾರದಾ? ನಾಳೆ ನಾಟಕವೇ ಬೇಡ ಅನ್ನಿ!

ಚಿಕ್ಕಬಳ್ಳಾಪುರದ ನರ್ಸ್: ಆ ಜಗಳ ಆಮೇಲೆ ಆಡಿ ಸಾರ್. ಶಿಡ್ಲಘಟ್ಟದವರೇ, ನಿಮ್ಮ ಸ್ಕ್ರಿಪ್ಟಲ್ಲಿ ಪೊಲೀಸ್ ಬಂದು ಕೇಸ್ ಹಾಕ್ತೀನಿ ಅನ್ನೋ ಮಾತಿದ್ದರೆ ತೆಗೀರಿ. ಪ್ರಯತ್ನಿಸಿ ಬದುಕಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ, ಬೇರೆ ಸಾಬೀತಾಗದಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಭಾವಿಸುತ್ತದೆ, ಅದಕ್ಕೇ ಅವರಿಗೆ ಶಿಕ್ಷೆ ಇಲ್ಲ. ಕೇಸಿನ ಭಯಕ್ಕೆ ಆಸ್ಪತ್ರೆಗೆ ತಡವಾಗಿ ತರುತ್ತಾರೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರ್ತಾರೆ ಅಂತ ಕೇಳಿಕೊಂಡು, ಆ ದಿನದ ಹೆಸರನ್ನೇ ಸಂಭಾಷಣೆಯಲ್ಲಿ ಹಾಕಿ.

ಶಿಡ್ಲಘಟ್ಟದಿಂದ: ಪೊಲೀಸ್ ದೃಶ್ಯ ಇದೆ ಮೇಡಂ. ಹುಚ್ಚನ ಪಾತ್ರವೂ ಇದೆ. ಆ ಪಾತ್ರ ಮಾಡೋ ಹುಡುಗ ಬಿಡಲ್ಲ ಅಂತಿದ್ದಾನೆ.

ಮಾಲೂರಿನ ಅಕ್ಕ: ಅವನಿಗೆ ಪಕ್ಕದ ತೋಟದವನ ಪಾತ್ರ ಕೊಡಿ.