ಪದಚರ್ಚೆ: ಐ ಟ್ರ್ಯಾಕಿಂಗ್ ಒಪ್ಪಿಗೆ ಪತ್ರದಲ್ಲಿ ‘ಫಿಕ್ಸೇಶನ್’, ‘ಮ್ಯಾನಿಪುಲೇಟ್’ಗೆ ಏನು ಬರೆಯೋಣ?

ಶಿವಲೀಲಾ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮಲ್ಲಿ ಎಂಬಿಎ ವಿಭಾಗದ ಸಂಶೋಧನಾ ವಿದ್ಯಾರ್ಥಿಯೊಬ್ಬರು ತೊಗರಿ ಬೇಳೆ ಪ್ಯಾಕೆಟ್ ಬಗ್ಗೆ ಅಧ್ಯಯನ ಮಾಡುತ್ತಿದ್ದಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚನೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತಲ್ಲ, ಆ ಗುರುತಿನ ಮೇಲೆ ಗಿರಾಕಿಯ ಕಣ್ಣು ಬೀಳುತ್ತದೋ ಇಲ್ಲವೋ ಎಂಬುದು ಅವರ ಪ್ರಶ್ನೆ. ಪರದೆಯ ಮೇಲೆ ಪ್ಯಾಕೆಟ್ ಚಿತ್ರ ತೋರಿಸುತ್ತಾರೆ, ಪರದೆಯ ಕೆಳಗಿನ ಯಂತ್ರ ಕಣ್ಣು ಎಲ್ಲೆಲ್ಲಿ ಹೋಯಿತೆಂದು ದಾಖಲಿಸುತ್ತದೆ. ಭಾಗವಹಿಸುವವರು ಸಹಿ ಮಾಡುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅವರ ಕರಡಿನಲ್ಲಿ ‘ಕಣ್ಣಿನ ಪರೀಕ್ಷೆ’ ಎಂದಿತ್ತು. ಓದಿದ ಹೆಣ್ಣುಮಗಳೊಬ್ಬಳು ‘ಚಷ್ಮಾ ಪುಕ್ಕಟೆ ಕೊಡ್ತೀರೇನ್ರೀ?’ ಎಂದು ಕೇಳಿದಳು. ಆ ಪದ ತೆಗೆದೆವು. ಈಗ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಕಣ್ಣು ಒಂದು ಕಡೆ ನಿಲ್ಲುವುದಕ್ಕೆ, ಅಂದರೆ ‘ಫಿಕ್ಸೇಶನ್’ಗೆ, ‘ನೆಟ್ಟ ನೋಟ’ ಎನ್ನಬಹುದೇ? ಇನ್ನು ಕೊನೆಯ ಸಾಲು: ‘ಈ ಅಧ್ಯಯನ ನಿಮ್ಮನ್ನು ಮ್ಯಾನಿಪುಲೇಟ್ ಮಾಡುವುದಕ್ಕಲ್ಲ.’ ನಿಘಂಟಿನ ‘ಕೈಚಳಕದಿಂದ ನಿರ್ವಹಿಸು’ ಇಲ್ಲಿ ಹೊಂದುವುದೇ ಇಲ್ಲ.

ಬಸಣ್ಣ, ಶಹಾಪುರ

ಅಕ್ಕಾರ, ನಂದು ಕಿರಾಣಿ ಅಂಗಡಿ. ಯಂತ್ರ ಗಿಂತ್ರ ಇಲ್ಲದೇ ಇದನ್ನ ನಮ್ಮಪ್ಪನ ಕಾಲದಿಂದ ಮಾಡಿಕೋತ ಬಂದೀವಿ. ಜಾಸ್ತಿ ಲಾಭ ಸಿಗೋ ಎಣ್ಣಿ ಪಾಕೀಟು ಎದಿ ಮಟ್ಟಕ್ಕ ಇಡ್ತೀವಿ, ಚಾಕಲೇಟ್ ಡಬ್ಬಿ ಹುಡುಗರ ಕಣ್ಣಿಗೆ ಬೀಳೋ ಎತ್ತರಕ್ಕ. ಇದಕ್ಕ ‘ಮಳ್ಳು ಮಾಡೋದು’ ಅಂದ್ರ ನಾ ಒಪ್ಪಂಗಿಲ್ಲ. ತೂಕದಾಗ ಹೊಡೆದ್ರ ಅದು ಮಳ್ಳು ಮಾಡೋದು. ಕಾಣೋ ಹಂಗ ಇಡೋದು ವ್ಯಾಪಾರ.

ಮಲ್ಲಿಕಾರ್ಜುನ, ಯಾದಗಿರಿ

ನನ್ನ ಸೂಚನೆ ‘ವಶೀಕರಣ’. ಮೆದುಳು ಸ್ಕ್ಯಾನ್ ಮಾಡಿ, ಮನಸ್ಸು ಓದಿ, ಬೇಡದ್ದನ್ನು ಕೊಳ್ಳುವಂತೆ ಮಾಡುವ ಈ ನ್ಯೂರೋಮಾರ್ಕೆಟಿಂಗ್‌ಗೆ ಮೆತ್ತನೆಯ ಪದ ಹುಡುಕುವುದೇ ತಪ್ಪು. ಫ್ರಾನ್ಸ್ 2011ರಲ್ಲಿ ಇದನ್ನೆಲ್ಲ ಪೂರ್ತಿ ನಿಷೇಧಿಸಿದೆ. ನಾವು ಒಪ್ಪಿಗೆ ಪತ್ರ ಬರೆದುಕೊಡುತ್ತಾ ಕೂತಿದ್ದೇವೆ.

ಅನಿಲ್, ಬೀದರ್

ಹೈದರಾಬಾದಿನಲ್ಲಿ ಕೆಲವು ವರ್ಷ ಪ್ಯಾಕೇಜಿಂಗ್ ಪರೀಕ್ಷೆಯ ಕೆಲಸದಲ್ಲಿದ್ದೆ, ಈ ಯಂತ್ರದ ಮುಂದೆ ಜನರನ್ನು ಕೂಡಿಸುವುದೇ ನನ್ನ ದಿನಚರಿ. ಪದಕ್ಕಿಂತ ಮೊದಲು ಅದು ಏನು ಅಳೆಯುತ್ತದೆ ಎಂಬುದನ್ನು ನೋಡೋಣ.

ಯಂತ್ರ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಕಣ್ಣಿನ ಮೇಲೆ ಅದರ ಸಣ್ಣ ಹೊಳಪು ಬಿಂದು ಮೂಡುತ್ತದೆ. ಆ ಬಿಂದುವಿಗೂ ಪಾಪೆಯ ನಡುವಿಗೂ ಇರುವ ಅಂತರ ನೋಡಿ ನೋಟದ ದಿಕ್ಕನ್ನು ಲೆಕ್ಕ ಹಾಕುತ್ತಾರೆ. ಮೊದಲು ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿ ಪ್ರತಿಯೊಬ್ಬರ ಕಣ್ಣಿಗೂ ಯಂತ್ರವನ್ನು ಹೊಂದಿಸಿಕೊಳ್ಳಬೇಕು. ಕಾಡಿಗೆ ದಟ್ಟವಾಗಿದ್ದರೆ ಯಂತ್ರ ಅದರ ಕಪ್ಪನ್ನೇ ಪಾಪೆ ಎಂದು ಹಿಡಿಯುವುದುಂಟು. ಕಲಬುರಗಿ ಬಿಸಿಲು ನೇರ ಕೋಣೆಯೊಳಗೆ ಬರುತ್ತಿದ್ದರೆ ಕಿಟಕಿಯ ಪರದೆ ಎಳೆಯಲೇಬೇಕು, ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ.

ಎಲ್ಲ ಸರಿಯಿದ್ದರೂ ಅರ್ಧ ಡಿಗ್ರಿ ತಪ್ಪು ಉಳಿಯುತ್ತದೆ. 60 ಸೆಂಟಿಮೀಟರ್ ದೂರದಲ್ಲಿ ಕೂತವರಿಗೆ ಅದು ಪರದೆಯ ಮೇಲೆ ಸುಮಾರು 5 ಮಿಲಿಮೀಟರ್. ಶಿವಲೀಲಾ ಅವರೇ, ಚಿತ್ರದಲ್ಲಿ ಜಿಐ ಗುರುತಿನ ಪಕ್ಕದಲ್ಲೇ, ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು ಬೆಲೆ ಇದ್ದರೆ, ನೋಡಿದ್ದು ಗುರುತನ್ನೋ ಬೆಲೆಯನ್ನೋ ಎಂದು ಹೇಳಲು ಬರುವುದಿಲ್ಲ. ಚಿತ್ರ ದೊಡ್ಡದು ಮಾಡಲು ಹೇಳಿ, ಇಲ್ಲದಿದ್ದರೆ ಅವರ ಪ್ರಶ್ನೆಗೇ ಉತ್ತರ ಸಿಗುವುದಿಲ್ಲ.

‘ನೆಟ್ಟ ನೋಟ’ ಬೇಡ. ಅದು ಎವೆಯಿಕ್ಕದೆ ನೋಡುವುದು. ಇಲ್ಲಿ ಕಣ್ಣು ಒಂದು ಕಡೆ ನಿಲ್ಲುವುದು ಹೆಚ್ಚುಕಡಿಮೆ ಸೆಕೆಂಡಿನ ಕಾಲು ಭಾಗ, ಆಮೇಲೆ ಇನ್ನೊಂದು ಕಡೆ ಜಿಗಿಯುತ್ತದೆ. ನಾನಾದರೆ ‘ನೋಟದ ನಿಲುಗಡೆ’ ಎನ್ನುತ್ತೇನೆ. ಆದರೆ ನಿಲುಗಡೆ ಉದ್ದವಾದರೆ ಇಷ್ಟವಾಯಿತು ಎಂದು ಯಾರೂ ಬರೆಯದಿರಲಿ. ಓದು ತಡವರಿಸುವವರು ಸಣ್ಣ ಅಕ್ಷರದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ವರದಿಯ ಬಣ್ಣದ ನಕ್ಷೆಯಲ್ಲಿ ಆ ಜಾಗ ಕೆಂಪಗೆ ಉರಿಯುತ್ತದೆ, ಕಂಪನಿಯವರು ‘ಜನಕ್ಕೆ ಬಹಳ ಹಿಡಿಸಿದೆ’ ಎಂದು ಓದಿಕೊಳ್ಳುತ್ತಾರೆ. ಮುಗಿದ ಮೇಲೆ ಅವರನ್ನೇ ಕೇಳಿದರೆ ‘ಅಕ್ಷರ ಹತ್ತಲಿಲ್ರೀ’ ಎನ್ನುತ್ತಾರೆ.

ಮಲ್ಲಿಕಾರ್ಜುನ ಸರ್, ಫ್ರಾನ್ಸಿನ ಮಾತು ಅರ್ಧ ಸರಿ. ಆ ಕಾಯ್ದೆ ಮೆದುಳಿನ ಚಿತ್ರಣವನ್ನು ವೈದ್ಯಕೀಯ, ವಿಜ್ಞಾನ ಸಂಶೋಧನೆ ಮತ್ತು ನ್ಯಾಯಾಲಯದ ತಜ್ಞ ಪರೀಕ್ಷೆಗೆ ಸೀಮಿತಗೊಳಿಸಿತು. ಜಾಹೀರಾತಿಗಾಗಿ ಸ್ಕ್ಯಾನ್ ಮಾಡುವಂತಿಲ್ಲ, ನಿಜ. ಆದರೆ ಕಣ್ಣಿನ ಜಾಡು ಹಿಡಿಯುವುದು ಅದರ ವ್ಯಾಪ್ತಿಗೆ ಬರುವುದಿಲ್ಲ.

‘ಮನಸ್ಸು ಓದುವುದು’ ಎಂಬ ಮಾತಂತೂ ಪತ್ರದಲ್ಲಿ ಬರಲೇಬಾರದು. 2007ರಲ್ಲಿ ಬ್ರಯನ್ ಕ್ನಟ್ಸನ್ ಮತ್ತು ಸಂಗಡಿಗರು 26 ಜನರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ವಸ್ತು ತೋರಿಸಿ, ಬೆಲೆ ತೋರಿಸಿ, ಕೊಳ್ಳುತ್ತೀರಾ ಎಂದು ಕೇಳಿದರು. ಬೆಲೆ ಅತಿಯಾದಾಗ ಇನ್ಸುಲಾ ಎಂಬ ಭಾಗ ಚುರುಕಾಯಿತು. ಮೆದುಳು ನೋಡಿ ಕೊಳ್ಳುತ್ತಾರೋ ಇಲ್ಲವೋ ಎಂದು ಊಹಿಸಿದ್ದು ಸುಮಾರು ನೂರಕ್ಕೆ 60 ಸಲ ಸರಿಯಾಯಿತು. ಕಣ್ಣು ಮುಚ್ಚಿ ಹೇಳಿದರೂ 50 ಸರಿಯಾಗುತ್ತಿತ್ತು. 2011ರಲ್ಲಿ ಮಾರ್ಟಿನ್ ಲಿಂಡ್‌ಸ್ಟ್ರಾಮ್ ಎಂಬ ಮಾರ್ಕೆಟಿಂಗ್ ಸಲಹೆಗಾರರು, ಐಫೋನ್ ನೋಡಿದಾಗ ಇದೇ ಇನ್ಸುಲಾ ಚುರುಕಾಯಿತು, ಆದ್ದರಿಂದ ಜನ ಫೋನನ್ನು ಪ್ರೀತಿಸುತ್ತಾರೆ ಎಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. 40ಕ್ಕೂ ಹೆಚ್ಚು ನರವಿಜ್ಞಾನಿಗಳು ಪತ್ರಿಕೆಗೆ ತಕರಾರು ಬರೆದು ಕಳಿಸಿದರು. ಮೆದುಳು ಚಿತ್ರಣದ ಅಧ್ಯಯನಗಳಲ್ಲಿ ಮೂರರಲ್ಲಿ ಒಂದರಷ್ಟರಲ್ಲಿ ಇನ್ಸುಲಾ ಕಾಣಿಸಿಕೊಳ್ಳುತ್ತದೆ, ಒಂದು ಭಾಗ ಚುರುಕಾಯಿತೆಂದು ಒಂದು ಭಾವನೆಯನ್ನು ತೀರ್ಮಾನಿಸಬೇಡಿ ಎಂಬುದು ಅವರ ವಾದ. ಒಂದು ಕಡೆ ಬೆಲೆಯ ನೋವು, ಇನ್ನೊಂದು ಕಡೆ ಪ್ರೀತಿ, ಜಾಗ ಒಂದೇ. ಇಷ್ಟು ಕೈಗೆ ಬಂದದ್ದನ್ನು ‘ವಶೀಕರಣ’ ಎಂದರೆ ಆ ಯಂತ್ರ ಮಾರುವವರಿಗೆ ನಾವೇ ಪುಕ್ಕಟೆ ಜಾಹೀರಾತು ಕೊಟ್ಟಂತೆ.

ಬಸಣ್ಣಾ, ನಿಮ್ಮ ಗೆರೆ ನನಗೂ ಒಪ್ಪಿಗೆ. ಆದರೆ ಹೀಗೆ ನೋಡಿ: ಪ್ಯಾಕೆಟ್ಟಿನ ಯಾವ ಮೂಲೆಗೆ ಕಣ್ಣು ಹೋಗುವುದಿಲ್ಲ ಎಂಬುದನ್ನೂ ಇದೇ ಯಂತ್ರ ಹೇಳುತ್ತದೆ. ಒಂದು ಕಿಲೋ ಇದ್ದದ್ದನ್ನು 900 ಗ್ರಾಂ ಮಾಡಿ, ತೂಕ ಮುದ್ರಿಸಬೇಕೆಂಬ ನಿಯಮವನ್ನೂ ಪಾಲಿಸಿ, ಆ ಅಂಕಿಯನ್ನು ಅದೇ ಮೂಲೆಗೆ ತಳ್ಳಿದರೆ? ತಕ್ಕಡಿಯಲ್ಲಿ ಮೋಸವಿಲ್ಲ, ಆದರೂ ಗಿರಾಕಿ ಮಳ್ಳಾದ.

ಬಸಣ್ಣ, ಶಹಾಪುರ

ಹಂಗ ಮಾಡಿದ್ರ ಅದು ಖರೇನೇ ಮಳ್ಳು ಮಾಡೋದ್ರೀ. ನಮ್ಮಲ್ಲಿ ಬಿಸ್ಕೀಟ್ ಪುಡಾ ಹಂಗೇ ಸಣ್ಣ ಆಗ್ಯಾವ, ಗಿರಾಕಿ ನಮ್ಮ ಮ್ಯಾಲೇ ಸಿಟ್ಟಾಗ್ತಾರ.

ಮಲ್ಲಿಕಾರ್ಜುನ, ಯಾದಗಿರಿ

ಅನಿಲ್ ಅವರೇ, ಫ್ರಾನ್ಸಿನ ವಿಷಯ ತಿದ್ದಿದ್ದು ಒಳ್ಳೆಯದಾಯಿತು. ‘ವಶೀಕರಣ’ ಬಿಡುತ್ತೇನೆ, ‘ಪುಸಲಾಯಿಸು’ ಇರಲಿ. ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲಿರುವ ಮಾತು, ಸುಳ್ಳು ಹೇಳದೆಯೂ ಒಬ್ಬರನ್ನು ತನ್ನ ಕಡೆ ಎಳೆದುಕೊಳ್ಳುವುದು ಅದರಲ್ಲಿ ಬರುತ್ತದೆ.

ಆದರೆ ನನ್ನ ಮುಖ್ಯ ತಕರಾರು ಹಾಗೇ ಇದೆ. ಒಪ್ಪಿಗೆ ಕೊಡುವುದು ಯಂತ್ರದ ಮುಂದೆ ಕೂತವರು. ಅವರ ಕಣ್ಣಿನಿಂದ ಕಲಿತದ್ದನ್ನು ಪ್ರಯೋಗಿಸುವುದು ಸಂತೆಗೆ ಬಂದ ಬೇರೆಯವರ ಮೇಲೆ. ಅವರನ್ನು ಯಾರು ಕೇಳಿದರು? ಮೆದುಳಿನ ಊಹೆ ನೂರಕ್ಕೆ 60 ಮಾತ್ರ ಸರಿ ಎನ್ನುತ್ತೀರಿ. ಲಕ್ಷಗಟ್ಟಲೆ ಪ್ಯಾಕೆಟ್ ಮಾರುವವನಿಗೆ ಆ ಹೆಚ್ಚಿನ 10 ಸಾಲದೇ?

ಅನಿಲ್, ಬೀದರ್

ಸರ್, ಆ ಅಂಕಿ ಸ್ಕ್ಯಾನರ್‌ನಲ್ಲಿ ಮಲಗಿದವರೇ ಮುಂದಿನ ಕ್ಷಣ ಏನು ಮಾಡುತ್ತಾರೆ ಎಂಬುದರದ್ದು, ಅಂಗಡಿಯ ಮಾರಾಟ ಅಷ್ಟು ಹೆಚ್ಚುತ್ತದೆ ಎಂದಲ್ಲ. ಆದರೆ ಕೊಳ್ಳುವವರನ್ನು ಯಾರೂ ಕೇಳಿಲ್ಲ ಎಂಬ ನಿಮ್ಮ ಮಾತಿಗೆ ನನ್ನ ಬಳಿ ಉತ್ತರವಿಲ್ಲ.

ಶಿವಲೀಲಾ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಚಿತ್ರ ನೋಡುವಾಗ ನಿಮ್ಮ ನೋಟ ಎಲ್ಲಿ, ಎಷ್ಟು ಹೊತ್ತು ನಿಂತಿತು ಎಂಬುದನ್ನು ಯಂತ್ರ ದಾಖಲಿಸುತ್ತದೆ. ಇದು ಕಣ್ಣಿನ ತಪಾಸಣೆ ಅಲ್ಲ. ನೀವು ಏನು ಯೋಚಿಸುತ್ತಿದ್ದೀರಿ ಎಂಬುದು ಇದರಿಂದ ತಿಳಿಯುವುದಿಲ್ಲ. ಬೇಡವೆನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು.’

‘ಪುಸಲಾಯಿಸುವುದಕ್ಕಲ್ಲ’ ಎಂಬ ಸಾಲನ್ನು ತಡೆಹಿಡಿದಿದ್ದೇನೆ. ಫಲಿತಾಂಶವನ್ನು ಯಾವುದಾದರೂ ಪ್ಯಾಕೆಟ್ ಕಂಪನಿಗೆ ಕೊಡುತ್ತೀರಾ ಎಂದು ಆ ವಿದ್ಯಾರ್ಥಿಯನ್ನು ಕೇಳಿದೆ, ಮಾರ್ಗದರ್ಶಕರನ್ನು ಕೇಳಿ ಹೇಳುತ್ತೇನೆ ಎಂದರು. ಕೊಡುವುದಾದರೆ ಆ ಸಾಲು ತೆಗೆದು, ಕಂಪನಿಗೆ ಕೊಡುತ್ತೇವೆ ಎಂದೇ ಬರೆಯಬೇಕಾಗುತ್ತದೆ. ಜಿಐ ಗುರುತಿಗೂ ಬೆಲೆಗೂ ಇರುವ ಅಂತರವನ್ನು ನಾಳೆ ಸ್ಕೇಲ್ ಇಟ್ಟು ಅಳೆಯುತ್ತೇವೆ.