ಸಮಸ್ಯೆ: ನಡುಹಗಲಿನಲಿ ಕಂಡೆ ________

ಮೇಷ್ಟ್ರು: ಈ ವಾರ ಸಮಸ್ಯೆ ಸ್ವಲ್ಪ ತರಲೆ. ಕೊನೇ ಸಾಲಿನ ಕೊನೇ ಪದ ನಾನ್ ಕೊಡಲ್ಲ, ನೀವೇ ಹುಡುಕಿ. ಕೆಳಗಿನ ಸರದಲ್ಲಿ ಪ್ರತಿ ಮೂರನೇ ಅಕ್ಷರ ಆರಿಸ್ಕೊಳ್ಳಿ, ಪದ ಸಿಗುತ್ತೆ. ಆಮೇಲೆ ಮೇಲಿನ ಮೂರು ಸಾಲು ಕಟ್ಟಿ. ಐದೈದು ಮಾತ್ರೆಯ ಮೂರು ಗಣ, ಮೇಲೊಂದು ಅಕ್ಷರ. ಆದಿಪ್ರಾಸ ಬೇಕೇ ಬೇಕು.

ಕಮಬೆಸ್ತ್ರೀರಳತುವಾದಿಂಪಕ್ಕಿಗನಜೋಳು

ಬಿಸಿಬೇಳೆ: ಕಸ್ತ್ರೀತುಪನ?? ಇದ್ಯಾವ ಭಾಷೆ ಸಾರ್

ಮೇಷ್ಟ್ರು: ಮೊದಲನೇದರಿಂದ ಹಿಡ್ಕೊಂಡು ಹೊರಟಿದ್ದೀರಿ. ಎರಡು ಬಿಟ್ಟು ಮೂರನೇದು, ಅಂದ್ರೆ ಮೊದಲು ಸಿಗೋದು ಬೆ.

ಕೋಡ್‌ಕವಿ: ಕೈಯಲ್ಲಿ ಯಾರ್ ಎಣಿಸ್ತಾರೆ ಅಂತ ಪೈಥಾನಲ್ಲಿ `s[2::3]` ಹೊಡೆದೆ, ಬ್ರಳವಿಕಿಜು ಅಂತ ಬಂತು 😂 ಆಮೇಲೆ ಹೊಳೀತು, ಕಂಪ್ಯೂಟರಿಗೆ ಗುಣಿತದ ಕೊಂಬು, ಗುಡಿಸು, ಒತ್ತು ಹಾಕೋ ಚಿಹ್ನೆ ಎಲ್ಲಾ ಬೇರೆ ಬೇರೆ, ನಮಗೆ ಹದಿನೈದು ಕಾಣೋ ಕಡೆ ಅದಕ್ಕೆ 30 ಕಾಣ್ಸುತ್ತೆ, ಸ್ತ್ರೀ ಒಂದೇ ಆರು. ಸರಿ ಅಂತ `regex` ಮಾಡ್ಯೂಲಿನ `\X` ಟ್ರೈ ಮಾಡಿದೆ, ನನ್ ಮೆಷೀನಲ್ಲಿ ಅದು ಗುಣಿತ ಸೇರಿಸ್ತು ಆದ್ರೆ ಒತ್ತು ಒಡೀತು, ಸ್-ತ್-ರೀ ಮೂರಾಯ್ತು. ಬಂದಿದ್ದು ಬೆರೀತುಪಗಳು. ಶುರುವಲ್ಲಿ ಬೆ ಇದೆ, ಕೊನೇಲಿ ಗಳು ಇದೆ, ಹತ್ತು ನಿಮಿಷ ಇದೇ ಸರಿ ಅನ್ಕೊಂಡು "ಬೆರೀತುಪ" ಅಂದ್ರೇನು ಅಂತ ನಿಘಂಟು ನೋಡಿದ್ದೀನಿ!! ಕೊನೆಗೆ ಒತ್ತು ಸೇರಿಸಿ ಎಣಿಸೋ ಹಂಗೆ ನಾನೇ ಬರೆದೆ:

```python
a = re.findall(r'(?:[ಕ-ಹ]\u0ccd)*[ಅ-ಹ][\u0cbe-\u0ccc]?[\u0c82\u0c83]?', s)
print(''.join(a[2::3]))
```

ಸಿಕ್ತು. ಹೇಳಲ್ಲ.

ಹುಬ್ಳಿ ಹುಡುಗ: ನಂಗ ಬೆಳದಿಕ್ಕಿಜೋ ಬಂತ್ರೀ. ಬೆಳದಿ ತನಕಾ ಛಲೋ ಹೊಂಟಿತ್ತು, ಆಮ್ಯಾಲೆ ಕೆಟ್ತು. ಸೊನ್ನಿನೂ ವರ್ಣಮಾಲ್ಯಾಗ ಐತಲ್ರೀ, ಅದನ್ನ ಒಂದ ಅಂತ ಹಿಡದೆ.

ಮೇಷ್ಟ್ರು: ಅಲ್ಲೇ ಜಾರಿದ್ದು ನೋಡಿ. ಸೊನ್ನೆ ತಾನೇ ನಿಲ್ಲಲ್ಲ, ಹಿಂದಿನ ಸ್ವರದ ಮೇಲೆ ಕೂರುತ್ತೆ. ದಿಂ ಒಂದೇ ಅಕ್ಷರ. ಆದ್ರೆ ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ, ಯಾಕಂದ್ರೆ ಅದೇ ದಿಂ ಪದ್ಯಕ್ಕೆ ಬಂದಾಗ ಗುರು ಆಗಿ ಎರಡು ಮಾತ್ರೆ ತಿನ್ನುತ್ತೆ. ಹುಡುಕೋವಾಗ ಒಂದು, ಹೊಂದಿಸೋವಾಗ ಎರಡು. ಬೆ ಳ ದಿಂ ಗ, ಐದು ಮಾತ್ರೆ, ಆಮೇಲೆ ಉಳಿದ ಳು. ಅದಕ್ಕೇ ಈ ಪದ ಆರಿಸಿದ್ದು.

ಬಿಸಿಬೇಳೆ: ಅಯ್ಯೋ ಮೇಷ್ಟ್ರೇ ಉತ್ತರ ನೀವೇ ಹೇಳ್ಬಿಟ್ರಿ

ಮೇಷ್ಟ್ರು: 🤦 ಹೋಗ್ಲಿ ಬಿಡಿ, ಬೆಳದಿಂಗಳು. ಪೂರಣ ಮಾಡಿ ಈಗ. ನಡುಹಗಲಲ್ಲಿ ಬೆಳದಿಂಗಳು ಹೆಂಗೆ ಬಂತು?

ಶಿರಸಿ ಅಕ್ಕ: ನಾನು ನಮ್ಮ ತಂಗಿ ಶಾಲೇಲಿ ಹೀಂಗೇ ಚೀಟಿ ಬರೀತಿದ್ವಿ, ಪ್ರತಿ ಅಕ್ಷರದ ಹಿಂದೆ ಎರಡು ಸುಳ್ಳು ಅಕ್ಷರ. ಅವಳು ಬೇಜಾರಾಗಿ ಎಲ್ಲಾ ಕಡೆನೂ ಪಪ ಪಪ ಅಂತಲೇ ತುಂಬಿಸ್ತಿದ್ಲು, ಅಮ್ಮ ಒಂದೇ ನೋಟಕ್ಕೆ ಓದ್ಬಿಟ್ಟಿದ್ರು 😄 ಮೇಷ್ಟ್ರು ತುಂಬಿಸಿದ್ದು ವಾಸಿ, ನಡುವೆ "ಪಕ್ಕಿ" ಅಂತ ಕಂಡು ಅದರ ಹಿಂದೆ ಹೋಗಿದ್ದೆ. ಇರ್ಲಿ, ನನ್ನ ಒಂದು ಸಾಲು:

ಕಾಡಿನೊಳು ಹೂಬಿಟ್ಟ ಮಲ್ಲೆ ನೋಡಿ
ನಡುಹಗಲಿನಲಿ ಕಂಡೆ ಬೆಳದಿಂಗಳು

ಮೇಷ್ಟ್ರು: ಕಲ್ಪನೆ ಚೆಂದ ಅಕ್ಕಾ, ಮಾತ್ರೆನೂ ಸರಿ. ಪ್ರಾಸದ ಡ ಇದೆ, ಆದ್ರೆ ಅದರ ಹಿಂದೆ ಕಾ ಗುರು. ಕೊಟ್ಟ ಸಾಲಲ್ಲಿ ನ ಲಘು. ಮೊದಲಕ್ಷರ ಎಲ್ಲಾ ಸಾಲಲ್ಲೂ ಒಂದೇ ತೂಕ ಇರ್ಬೇಕು.

ಶಿರಸಿ ಅಕ್ಕ: ಹೌದಲ್ದಾ! "ಅಡವಿಯೊಳು ಹೂಬಿಟ್ಟ" ಮಾಡ್ತೆ. ಉಳಿದೆರಡು ಸಾಲು ಅಡುಗೆ ಆದ್ಮೇಲೆ.

ಕೋಡ್‌ಕವಿ: ನಂದು:

ಕೊಡೆಯಿಲ್ಲ ನೆತ್ತಿಯಲಿ ಬಿಸಿಲು ಸುರಿಯೆ
ಗಡಿಯಾರ ಹನ್ನೆರಡು ಹೊಡೆವ ಹೊತ್ತು
ಗುಡಿಯ ಕಟ್ಟೆಯಲಜ್ಜಿ ನಕ್ಕಳಾಗ
ನಡುಹಗಲಿನಲಿ ಕಂಡೆ ಬೆಳದಿಂಗಳು

ಹುಬ್ಳಿ ಹುಡುಗ: ಭಾರಿ ಐತಿ!! ಅಜ್ಜಿ ಬೊಚ್ಚ ಬಾಯಿ ಇದ್ರ ಹುಣ್ಣಿಮಿ ಅಲ್ಲ, ಅಮಾಸಿ ಆಕ್ಕೈತಿ ನೋಡ್ರಿ

ಮೇಷ್ಟ್ರು: 😂 "ಕಟ್ಟೆಯಲಿ ಅಜ್ಜಿ" ಅಂತ ಬಿಡಿಸಿದ್ರೆ ಒಂದು ಮಾತ್ರೆ ಹೆಚ್ಚಾಗ್ತಿತ್ತು, ಲೋಪಸಂಧಿ ಮಾಡಿ ಉಳಿಸ್ಕೊಂಡಿದ್ದೀರಿ. ಪಾಸ್.

ಬಿಸಿಬೇಳೆ: ಒಂದು ಡೌಟು. ಸರದಲ್ಲಿ "ಬಸ್" ಅಂತ ಬಂದಿದ್ರೆ? ಸ್ ಒಂದು ಅಕ್ಷರನಾ? ನಾನು ಬಿಡಿಸೋ ಪದಬಂಧದಲ್ಲಿ ಅದಕ್ಕೆ ಬೇರೆ ಮನೆ ಇರುತ್ತೆ.

ಮೇಷ್ಟ್ರು: ಛಂದಸ್ಸಲ್ಲಿ ಇಲ್ಲ. ಅರ್ಧಾಕ್ಷರ ಹಿಂದಿನದಕ್ಕೆ ಅಂಟಿ ಅದನ್ನ ಗುರು ಮಾಡುತ್ತೆ, ಬಸ್ ಒಂದೇ.

ಕೋಡ್‌ಕವಿ: ನನ್ ಕೋಡಲ್ಲಿ ಅದು ಬ, ಸ ಅಂತ ಎರಡಾಗುತ್ತೆ, ಒತ್ತಿನ ಚಿಹ್ನೆ ಮಾಯ. ಬಸ್ ಹೋಗಿ ಬಸ 🙈

ಬಿಸಿಬೇಳೆ: ಹಂಗಾದ್ರೆ ಪದಬಂಧದವರು ತಪ್ಪಾ?

ಮೇಷ್ಟ್ರು: ಅವರ ಮನೆ ಅವರ ಲೆಕ್ಕ. ಮುಂದಿನ ಸರದಲ್ಲಿ ಅರ್ಧಾಕ್ಷರ ಹಾಕಿದ್ರೆ ಯಾವ ಲೆಕ್ಕ ಅಂತ ಮೊದಲೇ ಹೇಳ್ಬಿಡ್ತೀನಿ.

ಶಿರಸಿ ಅಕ್ಕ: ಸಾರು ಕುದೀತಾ ಇದ್ದು, ಒಂದು ಸಾಲು ಸಿಕ್ತು. ಇನ್ನೊಂದು ಬಾಕಿ.