‘ಥೈರಾಯ್ಡ್ ಜಾಸ್ತಿ’ ಅಂದರೆ ಯಾವುದು ಜಾಸ್ತಿ?

ಗೆಳೆಯರೇ,

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾ ಮಗುವಿಗಾಗಿ ಪ್ರಯತ್ನಿಸುತ್ತಿರುವ ಹೆಂಗಸರಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಎರಡು ವಾಕ್ಯಗಳು ಕೈಕೊಡುತ್ತಿವೆ.

ಒಂದು: ‘ಗರ್ಭ ನಿಲ್ಲುವ ಮುಂಚೆ ಟಿಎಸ್‌ಎಚ್ ಗುರಿ 2.5ಕ್ಕಿಂತ ಕಡಿಮೆ.’ ಇದನ್ನು ತಂಗಿಗೆ ತೋರಿಸಿದೆ. ಅವಳ ಟಿಎಸ್‌ಎಚ್ 6.8 ಇದೆ. ಮನೆಯಲ್ಲಿ ಎಲ್ಲರೂ ಅದನ್ನು ‘ಥೈರಾಯ್ಡ್ ಜಾಸ್ತಿ’ ಅಂತಾರೆ. ಓದಿದವಳೇ, ‘ಥೈರಾಯ್ಡ್ ಇಳೀಬೇಕು ಅಂದ್ರೆ ಮಾತ್ರೆ ಕಡಿಮೆ ಮಾಡ್ಬೇಕು, ಅಲ್ವಾ ಅಕ್ಕಾ?’ ಅಂದಳು. ಆಗಬೇಕಾದದ್ದು ಪೂರ್ತಿ ತದ್ವಿರುದ್ಧ!

ಎರಡು: ‘ಗರ್ಭ ನಿಂತ ಕೂಡಲೇ ಮಾತ್ರೆ ಜಾಸ್ತಿ ಆಗಬೇಕು.’ ‘ಕೂಡಲೇ’ ಅಂದರೆ ಯಾವಾಗ? ‘ಜಾಸ್ತಿ’ ಅಂದರೆ ಎಷ್ಟು?

— ಸು.

—

ಸು. ಅವರೇ, ‘ಥೈರಾಯ್ಡ್ ಜಾಸ್ತಿ’ಯನ್ನು ಬಿಟ್ಟೇಬಿಡಿ. ಅದು ಗ್ರಂಥಿಯೋ, ಹಾರ್ಮೋನೋ, ಕಾಯಿಲೆಯೋ ಗೊತ್ತಾಗುವುದಿಲ್ಲ. ಟಿಎಸ್‌ಎಚ್ ಕೂಡ ಥೈರಾಯ್ಡ್ ಗ್ರಂಥಿಯಿಂದ ಬರುವ ಹಾರ್ಮೋನೇ ಅಲ್ಲವೇ? ‘ಥೈರಾಯ್ಡ್ ರಸದ ಮಟ್ಟ’ ಅಂದರೆ ಸಾಕು.

— ವಿ.

—

ವಿ. ಅವರ ಮೊದಲ ಮಾತು ಸರಿ, ಎರಡನೆಯದು ಅಪಾಯ. ಟಿಎಸ್‌ಎಚ್ ಬರುವುದು ಮೆದುಳಿನ ಬುಡದ ಪಿಟ್ಯುಟರಿಯಿಂದ. ಕುತ್ತಿಗೆಯ ಗ್ರಂಥಿಗೆ ‘ಕೆಲಸ ಮಾಡು’ ಅಂತ ಹೇಳುವುದು ಅದೇ. ಗ್ರಂಥಿ ಸೋತಷ್ಟೂ ಟಿಎಸ್‌ಎಚ್ ಏರುತ್ತದೆ. ನನ್ನ ಹತ್ತಿರ ಬರುವವರಿಗೆ ನಾನು ಹೇಳುವುದು ಇಷ್ಟೇ: ‘ಗ್ರಂಥಿ ನಿಧಾನ ಆಗಿದೆ, ಅದಕ್ಕೇ ಟಿಎಸ್‌ಎಚ್ ಏರಿದೆ. ಮಾತ್ರೆ ಏರಿಸಿದರೆ ಅದು ಇಳಿಯುತ್ತದೆ.’ ಗ್ರಂಥಿ ನಿಧಾನವಾದರೆ ಅಂಡ ಬಿಡುಗಡೆ ತಪ್ಪಬಹುದು, ಮುಟ್ಟೂ ಏರುಪೇರಾಗಬಹುದು. ಗರ್ಭ ನಿಲ್ಲುವುದು ತಡವಾಗಲು ಅದೂ ಒಂದು ಕಾರಣ.

‘ಗುರಿ’ಯೂ ನನಗೆ ಒಪ್ಪಿಗೆಯಿಲ್ಲ. ಗುರಿ ಅಂದರೆ ಕಡಿಮೆ ಆದಷ್ಟೂ ಒಳ್ಳೆಯದು ಅನ್ನಿಸುತ್ತದೆ. 2.5 ಮೇಲಿನ ಮಿತಿ ಮಾತ್ರ. ಅಂಕಿ ಸೊನ್ನೆಯ ಹತ್ತಿರ ಹೋದರೆ ಮಾತ್ರೆ ಹೆಚ್ಚಾಗಿದೆ ಎಂದರ್ಥ. ‘2.5 ದಾಟಬಾರದು, ಲ್ಯಾಬಿನ ಕೆಳಮಿತಿಗಿಂತ ಇಳಿಯಲೂಬಾರದು’ ಅಂತ ಬರೆಯಿರಿ.

ಇನ್ನು ‘ಕೂಡಲೇ’. ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾರ್ಮೋನಿನ ಬೇಡಿಕೆ 5ನೇ ವಾರಕ್ಕೇ ಏರಲು ಶುರುವಾಗಬಹುದು. ಅಂದರೆ ಮುಟ್ಟು ತಪ್ಪಿದ ವಾರದಲ್ಲೇ! ಮಗುವಿನ ಸ್ವಂತ ಗ್ರಂಥಿ ಸರಿಯಾಗಿ ಕೆಲಸಕ್ಕೆ ಇಳಿಯುವುದು ಹೆಚ್ಚುಕಡಿಮೆ ಐದನೇ ತಿಂಗಳಿಗೆ. ಅಲ್ಲಿಯವರೆಗೆ ಅದು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಗ್ರಂಥಿ ಚೆನ್ನಾಗಿರುವವರಲ್ಲಿ ಅದು ತಾನೇ ಹೆಚ್ಚು ದುಡಿಯುತ್ತದೆ. ಮಾತ್ರೆಯ ಮೇಲಿರುವವರಿಗೆ ಆ ಹೆಚ್ಚುವರಿ ಮಾತ್ರೆಯಿಂದಲೇ ಬರಬೇಕು. ಮೊದಲ ಸ್ಕ್ಯಾನ್ ಆಗಲಿ ಅಂತ ಕಾದರೆ ಕೆಲವು ವಾರ ಸುಮ್ನೆ ಕಳೆದುಹೋಗುತ್ತವೆ.

‘ಜಾಸ್ತಿ’ ಎಷ್ಟು ಅಂತ ಒಂದು ಲೆಕ್ಕ ಹೇಳುತ್ತೇನೆ. ಒಬ್ಬರು ದಿನಕ್ಕೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದರು. ಟಿಎಸ್‌ಎಚ್ 1.9. ಮುಟ್ಟು ನಾಲ್ಕು ದಿನ ತಡವಾಯಿತು, ಮನೆಯಲ್ಲೇ ಮಾಡಿದ ಪರೀಕ್ಷೆಯಲ್ಲಿ ಎರಡು ಗೆರೆ ಬಂತು. ಮೊದಲೇ ಮಾತಾಡಿಕೊಂಡಿದ್ದಂತೆ ಅಂದಿನಿಂದ ವಾರಕ್ಕೆ 7ರ ಬದಲು 9 ಮಾತ್ರೆ ಶುರು ಮಾಡಿದರು. ಎರಡು ದಿನ ಮಾತ್ರ ಎರಡೆರಡು. ವಾರಕ್ಕೆ 525 ಇದ್ದದ್ದು 675 ಆಯಿತು, ಸುಮಾರು ಶೇಕಡಾ 29 ಹೆಚ್ಚು. ನಾಲ್ಕು ವಾರದ ನಂತರ ಟಿಎಸ್‌ಎಚ್ 3.3 ಬಂತು, ಇನ್ನಷ್ಟು ಏರಿಸಿದೆವು. ವಿಚಾರಿಸಿದರೆ ಕಬ್ಬಿಣದ ಮಾತ್ರೆಯನ್ನೂ ಜೊತೆಗೇ ನುಂಗುತ್ತಿದ್ದರು! ಎರಡರ ನಡುವೆ ನಾಲ್ಕು ಗಂಟೆ ಬೇಕು. ಅರ್ಧ ಗರ್ಭಕಾಲದವರೆಗೆ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ. ಹೆರಿಗೆ ಆದ ಮೇಲೆ ಹಳೆಯ ಪ್ರಮಾಣಕ್ಕೆ ಮರಳಿ, ಆರು ವಾರಕ್ಕೆ ಮತ್ತೆ ನೋಡುವುದು.

— ಡಾ. ಮ.

—

ಡಾಕ್ಟ್ರೇ, ನಂದು 3.1 ಇದೆ. ಮಾತ್ರೆ ಏನೂ ತಗೊಳ್ತಿಲ್ಲ. ನಾನೂ 9 ಮಾತ್ರೆ ಶುರು ಮಾಡಬೇಕಾ?

— ಪ.

—

ಬೇಡ. 9ರ ಲೆಕ್ಕ ಈಗಾಗಲೇ ದಿನಾ ಮಾತ್ರೆ ತೆಗೆದುಕೊಳ್ಳುವವರಿಗೆ, ಅದೂ ಅವರ ವೈದ್ಯರು ಮೊದಲೇ ಹೇಳಿದ್ದರೆ. ನಿಮ್ಮಂಥವರಿಗೆ ಮಾತ್ರೆ ಬೇಕೇ ಅನ್ನುವುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ನಮ್ಮ ಥೈರಾಯ್ಡ್ ಗ್ರಂಥಿಯ ಮೇಲೆ ನಮ್ಮ ಮೈಯೇ ತಿರುಗಿಬಿದ್ದಿರುವುದನ್ನು ತೋರಿಸುವ ಟಿಪಿಒ ಆ್ಯಂಟಿಬಾಡಿ ರಕ್ತದಲ್ಲಿ ಇದೆಯೇ, ಹಿಂದೆ ಗರ್ಭಪಾತ ಆಗಿದೆಯೇ ಅಂತ ನೋಡುತ್ತೇವೆ. ಆದರೆ ಆ್ಯಂಟಿಬಾಡಿ ಇದ್ದು ಟಿಎಸ್‌ಎಚ್ ಸರಿಯಿದ್ದವರಿಗೆ ಮಾತ್ರೆ ಕೊಟ್ಟು ನೋಡಿದ 2019ರ ‘ಟ್ಯಾಬ್ಲೆಟ್’ ಅಧ್ಯಯನದಲ್ಲಿ ಜೀವಂತ ಜನನಗಳು ಹೆಚ್ಚಲಿಲ್ಲ. ನಿಮ್ಮ ವೈದ್ಯರನ್ನೇ ಕೇಳಿ.

— ಡಾ. ಮ.

—

ಎಲ್ಲರಿಗೂ ಧನ್ಯವಾದ. ತಿದ್ದಿದ ಸಾಲು: ‘ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಗರ್ಭ ಗೊತ್ತಾದ ದಿನವೇ, ವೈದ್ಯರು ಮೊದಲೇ ಹೇಳಿದ್ದಂತೆ, ವಾರಕ್ಕೆ ಎರಡು ಮಾತ್ರೆ ಹೆಚ್ಚು ತೆಗೆದುಕೊಳ್ಳಿ.’

ಒಂದು ತೊಡಕು ಉಳಿದಿದೆ. ಕೆಲವರು ಗರ್ಭಿಣಿ ಆದ ಕೂಡಲೇ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಅದಕ್ಕೆ ‘ಗರ್ಭ ನಿಂತ ಮೇಲೆ ಮಾತ್ರೆ ನಿಲ್ಲಿಸಬೇಡಿ’ ಅಂತ ಬರೆದೆ. ತಂಗಿ ಎರಡು ಸಲ ಓದಿ, ‘ಗರ್ಭ ನಿಂತುಹೋದ್ರೆ ಅಂತಾನಾ?’ ಅಂದಳು. ‘ನಿಲ್ಲು’ ಇಲ್ಲದ, ಆದರೆ ‘ಗರ್ಭಧಾರಣೆ’ಯಷ್ಟು ಭಾರವೂ ಅಲ್ಲದ ಮಾತು ನಿಮ್ಮ ಕಡೆ ಏನಿದೆ?

— ಸು.